ಮೂರು ಒಪ್ಪಿದೆವು, ನಕ್ಷೆ ಮಾತ್ರ ಹಾಕಲಿಲ್ಲ

ಪೇಪರ್ ‘ಮೇಜರ್ ರಿವಿಷನ್’ ಅಂತ ವಾಪಸ್ ಬಂದರೆ ನಮ್ಮಲ್ಲಿ ಎರಡು ನಮೂನೆ ಜನ. ಒಬ್ಬರು ರಿವ್ಯೂವರ್‌ಗೆ ಬೈಕೊಂತ ಕೂಡ್ತಾರ, ಇನ್ನೊಬ್ಬರು ಹೇಳಿದ್ದಕ್ಕೆಲ್ಲ ಹೂಂ ಅಂದು ತಿದ್ದಿ ಕಳಿಸ್ತಾರ. ನನಗೆ ಎರಡನೆಯವರದ್ದೇ ಹೆಚ್ಚು ಚಿಂತೆ.

ನಮ್ಮ ಜಿಲ್ಲೆಯದೇ ಉದಾಹರಣೆ ಹಿಡಿಯೋಣ. ದೇವದುರ್ಗ, ಮಾನ್ವಿ ತಾಲ್ಲೂಕಿನ 30 ಹಳ್ಳಿಗಳ ಬೋರ್‌ವೆಲ್ ನೀರು ತಂದು ಫ್ಲೋರೈಡ್ ಅಳೆದಿದ್ದೇವೆ ಅಂದುಕೊಳ್ಳಿ. ರಿವ್ಯೂವರ್ ನಾಲ್ಕು ಕೇಳಿದ್ದಾರೆ: ನೀರು ತಂದದ್ದು ಮಳೆಗಾಲದ ಮುಂಚೆಯೋ ನಂತರವೋ ಬರೆಯಿರಿ. ಧನ ಅಯಾನು, ಋಣ ಅಯಾನುಗಳ ಲೆಕ್ಕ ತಾಳೆಯಾಗುತ್ತದಾ ತೋರಿಸಿ. ಯಾವ ಮಿತಿ ಹಿಡಿದಿದ್ದೀರಿ ಹೇಳಿ. ಮತ್ತೆ, 30 ಬಿಂದುಗಳಿಂದ ಎರಡೂ ತಾಲ್ಲೂಕಿಗೆ ಬಣ್ಣದ ಜಿಐಎಸ್ ನಕ್ಷೆ ಮಾಡಿ.

ಮೊದಲ ಮೂರಕ್ಕೆ ವಾದವೇ ಬೇಡ, ಅವು ನಾವೇ ಬರೆಯಬೇಕಿದ್ದ ಮಾತು. ಅಯಾನು ಲೆಕ್ಕದಲ್ಲಿ ಶೇ. 5ಕ್ಕಿಂತ ಹೆಚ್ಚು ವ್ಯತ್ಯಾಸ ಇರುವ ಸ್ಯಾಂಪಲ್ ಮತ್ತೆ ಪರೀಕ್ಷೆ ಮಾಡಬೇಕು. ಮಿತಿ ಐಎಸ್ 10500ರದ್ದು: ಲೀಟರಿಗೆ 1 ಮಿ.ಗ್ರಾಂ., ಬೇರೆ ನೀರೇ ಇಲ್ಲದಿದ್ದರೆ 1.5. ಪತ್ರದಲ್ಲಿ ಅವರ ಮಾತನ್ನು ಇದ್ದಂಗೇ ಇಟ್ಟು, ಕೆಳಗೆ ಏನು ಬದಲಾಯಿತು, ಯಾವ ಪುಟ, ಯಾವ ಸಾಲು ಅಂತ ಬರೆದರೆ ಸಾಕು. ಪ್ರತಿ ಉತ್ತರಕ್ಕೂ ‘ಅಮೂಲ್ಯ ಸಲಹೆಗೆ ಧನ್ಯವಾದ’ ಬೇಕಿಲ್ರಿ, ಒಮ್ಮೆ ಹೇಳಿದರೆ ಆಯ್ತು.

ನಕ್ಷೆಯದ್ದು ಬೇರೆ ಕತೆ. ಇಲ್ಲಿನ ನೆಲದಡಿ ಗಟ್ಟಿ ಗ್ರಾನೈಟ್, ನೈಸ್ ಬಂಡೆ. ನೀರು ಇರೋದು ಅದರ ಬಿರುಕಿನಲ್ಲಿ. ಒಂದೇ ಊರಿನ ಎರಡು ಬೋರಿನ ನೀರು ಬೇರೆ ಬೇರೆ ಇರಬಹುದು. ಸಾಫ್ಟ್‌ವೇರ್ ಮಾತ್ರ ನಡುವಿನ ಜಾಗಕ್ಕೆಲ್ಲ ನುಣ್ಣಗೆ ಬಣ್ಣ ಬಳಿಯುತ್ತೆ. ನಾವು ಕಾಲಿಡದ ಹಳ್ಳಿಯೂ ಹಸಿರಾಗಿ ಕಾಣುತ್ತೆ. ಆ ಹಸಿರು ನಂಬಿ ಯಾರೋ ಕೊಡ ತುಂಬಿಸ್ತಾರ.

ಆದರೆ ‘ಇದು ಸರಿಯಲ್ಲ’ ಅಂತ ಬರೆದರೆ ಅದು ಬರೀ ಅಭಿಪ್ರಾಯ. ಅವರು ಕೇಳಿದ್ದನ್ನು ಮೊದಲು ಮಾಡಿ ನೋಡಬೇಕು. ಒಂದು ಬೋರ್ ಬಿಟ್ಟು, ಉಳಿದ 29ರಿಂದ ಅದರ ಫ್ಲೋರೈಡ್ ಎಷ್ಟಿರಬಹುದು ಅಂತ ನಕ್ಷೆಯಿಂದಲೇ ತೆಗೆಯಿರಿ, ಅಳೆದದ್ದಕ್ಕೆ ಹೋಲಿಸಿ. ಹೀಗೆ ಮೂವತ್ತೂ ಬೋರಿಗೆ. ಎರಡು ಮಿತಿಗಳ ನಡುವಿನ ಅಂತರವೇ 0.5. ಸಾಮಾನ್ಯವಾಗಿ ಬರುವ ತಪ್ಪು ಅದಕ್ಕಿಂತ ದೊಡ್ಡದಾದರೆ ಆ ನಕ್ಷೆ ಕುಡಿಯುವ ನೀರನ್ನೂ ಕುಡಿಯಬಾರದ್ದನ್ನೂ ಬೇರ್ಪಡಿಸಲಾರದು. ತಪ್ಪು ಸಣ್ಣದಾಗಿ ಬಂತೋ, ರಿವ್ಯೂವರ್ ಹೇಳಿದ್ದೇ ಸರಿ. ನಕ್ಷೆ ಹಾಕಿ, ಸುಮ್ಮನಾಗಿ.

ದೊಡ್ಡದು ಬಂದಿದ್ದರೆ ಉತ್ತರ ಹೀಗಿರಲಿ (ಪತ್ರ ಇಂಗ್ಲಿಷಲ್ಲೇ ಹೋಗುತ್ತೆ, ಸಾರ ಇಷ್ಟು):

“ಫ್ಲೋರೈಡ್ ಎಲ್ಲೆಲ್ಲಿ ಹೆಚ್ಚಿದೆ ಎಂದು ಓದುಗರಿಗೆ ಕಾಣಬೇಕು ಎಂಬುದನ್ನು ಒಪ್ಪುತ್ತೇವೆ. ಸೂಚಿಸಿದ ನಕ್ಷೆ ಮಾಡಿ ಪರೀಕ್ಷಿಸಿದೆವು, ಫಲಿತಾಂಶ ಕೆಳಗಿದೆ. ತಪ್ಪಿನ ಪ್ರಮಾಣ ಮಿತಿಗಳ ಅಂತರಕ್ಕಿಂತ ದೊಡ್ಡದಿರುವುದರಿಂದ ಅದನ್ನು ಸೇರಿಸಿಲ್ಲ. ಬದಲಿಗೆ ಪ್ರತಿ ಬೋರ್‌ವೆಲ್ಲನ್ನು ಬಣ್ಣದ ಚುಕ್ಕೆಯಾಗಿ ತೋರಿಸಿದ್ದೇವೆ. ನಡುವಿನ ಹಳ್ಳಿಗಳ ಬಗ್ಗೆ ಏನೂ ಹೇಳಲಾಗದು ಎಂದು ಮಿತಿಗಳ ಭಾಗದಲ್ಲಿ ಬರೆದಿದ್ದೇವೆ.”

‘ರಿವ್ಯೂವರ್ ತಪ್ಪು ತಿಳಿದಿದ್ದಾರೆ’ ಅನ್ನೋ ಮಾತು ಇದರಲ್ಲಿಲ್ಲ. ಪತ್ರವನ್ನು ಸಂಪಾದಕರೂ ಓದ್ತಾರ, ತೀರ್ಮಾನ ಅವರದೇ. ಟೇಬಲ್ ಕೊಟ್ಟೂ ‘ನಕ್ಷೆ ಬೇಕೇ ಬೇಕು’ ಅಂದರೆ? ತಪ್ಪಿನ ಅಂಕಿಯನ್ನು ನಕ್ಷೆಯ ಕೆಳಗೇ ಅಚ್ಚು ಹಾಕಿಸಿ, ಚುಕ್ಕೆಗಳನ್ನೂ ಅದರ ಮೇಲೆ ಉಳಿಸಿ. ಅಷ್ಟರ ಮಟ್ಟಿಗೆ ನಾನು ಬಗ್ತೀನಿ.