ಆರು ಮಂಗಳವಾರಗಳ ದೂರು

ಸಹೋದ್ಯೋಗಿಯ ಮೇಲೆ ಮ್ಯಾನೇಜರ್ ಹತ್ತಿರ ಹೇಳುವುದು ಎಂದರೆ ನಮ್ಮವರಿಗೆ ಇಂದಿಗೂ ಮುಜುಗರ. ಶಾಲೆಯಲ್ಲಿ ಮೇಷ್ಟ್ರಿಗೆ ಚಾಡಿ ಹೇಳಿದವನಿಗೆ ಆಟದ ಬಯಲಿನಲ್ಲಿ ಸಿಗುತ್ತಿದ್ದ ಮರ್ಯಾದೆ ನೆನಪಿರುತ್ತದಲ್ಲ! ಹಾಗಾಗಿ ತಿಂಗಳುಗಟ್ಟಲೆ ನುಂಗಿಕೊಳ್ಳುತ್ತೇವೆ. ಒಂದು ದಿನ ತಡೆಯಲಾಗದೆ "ಅವನು ಯಾವಾಗಲೂ ಹೀಗೇ, ಅವನನ್ನು ನಂಬಿ ಕೆಲಸ ಮಾಡಲು ಆಗುವುದಿಲ್ಲ" ಎಂದು ಒಂದೇ ಉಸಿರಿನಲ್ಲಿ ಕಕ್ಕುತ್ತೇವೆ. ಮ್ಯಾನೇಜರ್ ಕೈಗೆ ಆಗ ಸಿಗುವುದು ನಮ್ಮ ಸಿಟ್ಟು ಮಾತ್ರ. ಅದನ್ನಿಟ್ಟುಕೊಂಡು ಆಕೆಯಾದರೂ ಏನು ಮಾಡಬೇಕು?

ದೂರನ್ನು ಸಂಗತಿಗಳ ಮೇಲೆ ನಿಲ್ಲಿಸಿ, ಸಮಚಿತ್ತದಿಂದ ಬರೆಯಿರಿ ಎಂಬ ಸಲಹೆಯನ್ನು ಎಲ್ಲ ಆಫೀಸುಗಳೂ ಕೊಡುತ್ತವೆ. ಬಿಸಿ ಮಾತುಗಳನ್ನು ತೆಗೆದುಹಾಕಿದರೆ ದೂರು ನಿಷ್ಪಕ್ಷಪಾತವಾಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ನಾನು ಒಪ್ಪುವುದಿಲ್ಲ. ತಾರೀಖು, ಗಂಟೆ, ನಿಮಿಷ ಎಲ್ಲ ಸರಿಯಾಗಿದ್ದೂ ಪಟ್ಟಿಯೊಂದು ಶುದ್ಧ ಅನ್ಯಾಯವಾಗಬಹುದು. ನಮ್ಮ ವಾದವನ್ನು ಸಡಿಲಗೊಳಿಸುವ ಸಂಗತಿಗಳನ್ನೂ ನಾವೇ ಹುಡುಕಿ ಅದರಲ್ಲಿ ಬರೆದಾಗಷ್ಟೇ ದೂರಿಗೆ ಸಮತೂಕ ಬರುತ್ತದೆ. ಸಿಡ್ನಿ–ಮೆಲ್ಬರ್ನ್ ನಡುವೆ ಹಂಚಿಹೋದ ಟೀಮುಗಳಲ್ಲಿ ಇದು ಎಷ್ಟು ನಿಜ ಎಂಬುದನ್ನು ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ.

ಸಿಡ್ನಿಯ ಪ್ಯಾರಮಟ್ಟಾದ ಆಫೀಸಿನಲ್ಲಿ ಕೂತ ನಮ್ಮ ಹುಡುಗಿಯೊಬ್ಬಳು ಪ್ರತಿ ಬುಧವಾರ ಸಂಜೆ 4ಕ್ಕೆ ಗ್ರಾಹಕ ಕಂಪನಿಗೆ ಸರಕಿನ ರಿಪೋರ್ಟ್ ಕಳಿಸಬೇಕು. ಅದಕ್ಕೆ ಬೇಕಾದ ಅಂಕಿಗಳು ಮೆಲ್ಬರ್ನಿನ ಡಾಕ್‌ಲ್ಯಾಂಡ್ಸ್‌ನಲ್ಲಿರುವ ಸಹೋದ್ಯೋಗಿಯಿಂದ ಮಂಗಳವಾರ ಮಧ್ಯಾಹ್ನ 12ರೊಳಗೆ ಬರಬೇಕೆಂದು ಮಾತಾಗಿದೆ. ಫೈಲ್ ಕೈಗೆ ಸಿಕ್ಕ ಮೇಲೆ ಅವಳಿಗೆ ನಾಲ್ಕು ಗಂಟೆ ಕೆಲಸ. 2025ರ ಸೆಪ್ಟೆಂಬರ್ 16ರಿಂದ ನವೆಂಬರ್ 4ರವರೆಗೆ ಎಂಟು ಮಂಗಳವಾರ. ಶೇರ್ಡ್ ಫೋಲ್ಡರ್ ತೆರೆದು ನೋಡಿದರೆ ಅದರಲ್ಲಿ ಆರು ತಡ. ಎಂಟರಲ್ಲಿ ಆರು! ದೂರು ಬರೆಯಲು ಇನ್ನೇನು ಬೇಕು ಅನ್ನಿಸುತ್ತದೆ.

ಅವಸರ ಬೇಡ. ನವೆಂಬರ್ 4 ಮೆಲ್ಬರ್ನ್ ಕಪ್ ಕುದುರೆ ಜೂಜಿನ ದಿನ. ನವೆಂಬರಿನ ಮೊದಲ ಮಂಗಳವಾರ ಮೆಲ್ಬರ್ನ್ ನಗರಕ್ಕೆ ಸರ್ಕಾರಿ ರಜೆ, ಸಿಡ್ನಿಗೆ ಇಲ್ಲ. ಸಿಡ್ನಿಯಲ್ಲಿ ಕೂತವರಿಗೆ ಅದು ಎಂದಿನಂತೆ ಕೆಲಸದ ದಿನವಾದ್ದರಿಂದ ಇದು ಮರೆತೇ ಹೋಗುತ್ತದೆ. ರಜೆಯ ದಿನ ಫೈಲ್ ಬರಲಿಲ್ಲ ಎಂದು ದೂರು ಕೊಟ್ಟರೆ ಉಳಿದ ಐದು ಸಾಲುಗಳನ್ನೂ ಮ್ಯಾನೇಜರ್ ಅನುಮಾನದಿಂದಲೇ ಓದುತ್ತಾರೆ.

ಅಕ್ಟೋಬರ್ 7ರದು ಇದರ ತಿರುವುಮುರುವು. ಅದರ ಹಿಂದಿನ ಸೋಮವಾರ, ಅಕ್ಟೋಬರ್ 6, ನ್ಯೂ ಸೌತ್ ವೇಲ್ಸ್‌ನಲ್ಲಿ ಕಾರ್ಮಿಕ ದಿನದ ರಜೆ. ವಿಕ್ಟೋರಿಯಾದವರಿಗೆ ಆ ರಜೆ ಮಾರ್ಚಿನಲ್ಲೇ ಮುಗಿದಿರುತ್ತದೆ. ಪ್ರತಿ ಸೋಮವಾರ ಖಾಲಿ ನಮೂನೆಯನ್ನು ಮೆಲ್ಬರ್ನಿಗೆ ಕಳಿಸಬೇಕಾದವಳು ನಮ್ಮ ಸಿಡ್ನಿಯವಳೇ. ಆ ವಾರ ಅವಳು ಕಳಿಸಿದ್ದು ಮಂಗಳವಾರ ಬೆಳಿಗ್ಗೆ 11ಕ್ಕೆ. ಅಂದಿನ ತಡದ ಮೂಲ ಇವಳ ಕಡೆಯೇ ಇದೆ.

ಸೆಪ್ಟೆಂಬರ್ 23ರದು ಇನ್ನೂ ಸೂಕ್ಷ್ಮ. ಫೋಲ್ಡರಿನಲ್ಲಿ ಫೈಲಿನ ಮುಂದೆ ಕಾಣುವುದು ಬುಧವಾರ ಬೆಳಗಿನ ಸಮಯ. ಆದರೆ ಅಲ್ಲಿ ಕಾಣುವುದು ಕೊನೆಯ ಸಲ ತಿದ್ದಿದ ಗಂಟೆ, ಮೊದಲು ಹಾಕಿದ ಗಂಟೆಯಲ್ಲ. ವರ್ಷನ್ ಹಿಸ್ಟರಿ ತೆರೆದರೆ ಮೊದಲ ಪ್ರತಿ ಮಂಗಳವಾರ 11.40ಕ್ಕೇ ಬಂದು ಕೂತಿದೆ. ಮರುದಿನ ಯಾರೋ ಒಂದು ಕಾಗುಣಿತ ತಿದ್ದಿದ್ದಾರೆ, ಅಷ್ಟೆ. ಇಂಥ ಪಟ್ಟಿ ಮಾಡುವವರು ಬಹುಪಾಲು ಎಡವುವುದು ಇಲ್ಲಿಯೇ. ಕಂಪ್ಯೂಟರ್ ತೋರಿಸಿದ ಸಮಯವೆಂದರೆ ಪ್ರಮಾಣ ಎಂದುಕೊಂಡಿರುತ್ತಾರೆ, ಆ ಸಮಯ ಯಾವ ಘಟನೆಯದು ಎಂದು ಕೇಳುವುದೇ ಇಲ್ಲ.

ಆರು ಮೂರಾಯಿತು. ಉಳಿದವು ಸೆಪ್ಟೆಂಬರ್ 30, ಅಕ್ಟೋಬರ್ 21 ಮತ್ತು 28. ಮೊದಲನೆಯದು ಬುಧವಾರ ಮಧ್ಯಾಹ್ನ 1.20ಕ್ಕೆ ಬಂತು, ಎರಡನೆಯದು ಮಂಗಳವಾರ ಸಂಜೆ 5.30ಕ್ಕೆ, ಮೂರನೆಯದು ಬುಧವಾರ 2 ಗಂಟೆಗೆ. ದೂರಿನ ಬಲ ಅರ್ಧ ಹೋಯಿತಲ್ಲ ಎಂದು ಬೇಸರಪಡುವ ಅಗತ್ಯವಿಲ್ಲ. ಈ ಮೂರನ್ನು ಯಾರೂ ಅಲ್ಲಾಡಿಸಲಾರರು. ಆರರ ಪಟ್ಟಿಯನ್ನು ಅವನು ಒಂದು ಕ್ಯಾಲೆಂಡರ್ ತೋರಿಸಿಯೇ ಉರುಳಿಸಿಬಿಡುತ್ತಿದ್ದ.

ಮ್ಯಾನೇಜರ್ ಹತ್ತಿರ ಹೋಗುವ ಮೊದಲು ಅವನೊಂದಿಗೇ ಒಂದು ಮಾತು ಆಗಬೇಕು. ಚಾಟ್‌ನಲ್ಲಿ ಬೇಡ, ಫೋನಿನಲ್ಲಿ. ಸೌಜನ್ಯದ ಮಾತು ಹಾಗಿರಲಿ, ಕಾರಣ ಇರುವುದು ಅವನ ಹತ್ತಿರ ಮಾತ್ರ. ನಮ್ಮ ಉದಾಹರಣೆಯಲ್ಲಿ ಅವನು ಹೇಳುವುದು ಇದು: ಅಂಕಿಗಳು ಬ್ರಿಸ್ಬೇನ್ ಗೋದಾಮಿನಿಂದ ಅಲ್ಲಿಯ ಬೆಳಿಗ್ಗೆ 10ಕ್ಕೆ ಹೊರಡುತ್ತವೆ. ಕ್ವೀನ್ಸ್‌ಲ್ಯಾಂಡ್ ಡೇಲೈಟ್ ಸೇವಿಂಗ್ ಪಾಲಿಸುವುದಿಲ್ಲ. ಅಕ್ಟೋಬರ್ 5ರ ಭಾನುವಾರ ಸಿಡ್ನಿ, ಮೆಲ್ಬರ್ನಿನ ಗಡಿಯಾರಗಳು ಒಂದು ಗಂಟೆ ಮುಂದೆ ಹೋದವು, ಬ್ರಿಸ್ಬೇನಿನದು ಇದ್ದಲ್ಲೇ ಉಳಿಯಿತು. ಅಲ್ಲಿಯ 10 ಗಂಟೆ ಈಗ ಮೆಲ್ಬರ್ನಿಗೆ 11. ಪರಿಶೀಲನೆಗೆ ಒಂದು ಗಂಟೆ ಬೇಕು. 12ರ ಗಡುವಿಗೆ ಒಂದು ನಿಮಿಷವೂ ಉಳಿಯುವುದಿಲ್ಲ.

ಇದು ನೆಪವಲ್ಲ, ನಿಜವಾದ ಕಾರಣ. ಆದರೆ ಈ ಕಾರಣ ಎಷ್ಟು ದೂರ ಬರುತ್ತದೆ ಎಂದೂ ಅಳೆಯಬೇಕು. ಒಂದು ಗಂಟೆ ತಡವಾದರೆ ಅದು ಉತ್ತರ. ಮರುದಿನ ಮಧ್ಯಾಹ್ನ 2ಕ್ಕೆ ಬಂದದ್ದಕ್ಕೆ ಅದು ಉತ್ತರವಲ್ಲ. ಸೆಪ್ಟೆಂಬರ್ 30ರಂದು ಗಡಿಯಾರ ಬದಲಾಗಿಯೇ ಇರಲಿಲ್ಲ. ಬದಲಾದ ಮೇಲೂ ಅಕ್ಟೋಬರ್ 14ರಂದು ಫೈಲ್ 11.55ಕ್ಕೆ ಬಂದಿದೆ. ಅವನ ಮಾತನ್ನು ನಂಬಿಯೂ ದೂರು ಉಳಿಯುತ್ತದೆ. ಆದರೆ ಈಗ ಅದು ಅವನೊಬ್ಬನ ಮೇಲಿನ ದೂರಾಗಿ ಉಳಿದಿಲ್ಲ, ಗಡುವಿನ ಮೇಲಿನ ಪ್ರಶ್ನೆಯೂ ಸೇರಿಕೊಂಡಿದೆ.

ಇಷ್ಟಾದ ಮೇಲೆ ಬರೆಯಬೇಕಾದ ಪತ್ರ ಚಿಕ್ಕದು. ಇಂಗ್ಲಿಷಿನಲ್ಲಿ ಹೋಗುವ ಆ ಇಮೇಲಿನ ತಿರುಳು ಕನ್ನಡದಲ್ಲಿ ಹೀಗಿರುತ್ತದೆ:

"ಸೆಪ್ಟೆಂಬರ್ 16ರಿಂದ ನವೆಂಬರ್ 4ರವರೆಗಿನ ಎಂಟು ವಾರಗಳಲ್ಲಿ ಮೆಲ್ಬರ್ನ್ ಫೈಲ್ ಮೂರು ಸಲ ಮಂಗಳವಾರ 12ರ ನಂತರ ಬಂದಿದೆ. ಸಮಯಗಳನ್ನು ಕೆಳಗೆ ಕೊಟ್ಟಿದ್ದೇನೆ. ಸೆಪ್ಟೆಂಬರ್ 30 ಮತ್ತು ಅಕ್ಟೋಬರ್ 28ರ ತಡದಿಂದ ಗ್ರಾಹಕರಿಗೆ ರಿಪೋರ್ಟ್ ಗುರುವಾರ ಹೋಯಿತು. ಅಕ್ಟೋಬರ್ 21ರದರಿಂದ ತೊಂದರೆ ಆಗಲಿಲ್ಲ. ನವೆಂಬರ್ 4 ಮೆಲ್ಬರ್ನಿನಲ್ಲಿ ರಜೆ, ಅಕ್ಟೋಬರ್ 7ರಂದು ನಮೂನೆ ಕಳಿಸುವುದನ್ನು ನಾನೇ ತಡಮಾಡಿದ್ದೆ. ಇವೆರಡನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ಅಕ್ಟೋಬರ್ 30ರಂದು ಅವರೊಂದಿಗೆ ಮಾತಾಡಿದೆ. ಬ್ರಿಸ್ಬೇನ್ ಫೈಲ್ ಈಗ ಒಂದು ಗಂಟೆ ತಡವಾಗಿ ಬರುತ್ತಿದೆ ಎಂದರು. ಗಡುವನ್ನು 2 ಗಂಟೆಗೆ ಬದಲಿಸಿದರೆ ನನಗೆ ಸಾಕಾಗುತ್ತದೆ. ಅದಕ್ಕಿಂತ ತಡವಾಗುವಂತಿದ್ದರೆ ನನಗೆ ಮೊದಲೇ ತಿಳಿಸುವ ಏರ್ಪಾಡು ಬೇಕು. ನಾವು ಮೂವರೂ ಒಮ್ಮೆ ಕೂತು ಮಾತಾಡಬಹುದೇ?"

ಇದರಲ್ಲಿ "ಯಾವಾಗಲೂ" ಇಲ್ಲ, "ಬೇಜವಾಬ್ದಾರಿ" ಇಲ್ಲ. ಅವನ ಮನಸ್ಸಿನಲ್ಲಿ ಏನಿತ್ತು ಎಂಬ ಊಹೆಯೂ ಇಲ್ಲ. ನನಗೆ ಹೆಚ್ಚು ಮುಖ್ಯವೆನಿಸುವುದು "ತೊಂದರೆ ಆಗಲಿಲ್ಲ" ಎಂಬ ಆ ಸಣ್ಣ ವಾಕ್ಯ. ದೂರು ಕೊಡುವವಳಿಗೆ ಅದರಿಂದ ಲಾಭವಿಲ್ಲ. ಅದಕ್ಕೇ ಓದುವವರು ಉಳಿದದ್ದನ್ನು ನಂಬುತ್ತಾರೆ.

ಪತ್ರ ಯಾರಿಗೆ ಹೋಗುತ್ತದೆ ಎಂಬುದೂ ಅದರ ಧಾಟಿಯನ್ನು ನಿರ್ಧರಿಸುತ್ತದೆ. ಇದೇ ತಣ್ಣನೆಯ ಇಮೇಲನ್ನು ಹತ್ತು ಜನರಿಗೆ ಸಿಸಿ ಹಾಕಿ ವಾರವಾರ ಕಳಿಸಿದರೆ ಅದು ಮರ್ಯಾದೆಯ ವೇಷದ ಕಿರುಕುಳ. ಆಸ್ಟ್ರೇಲಿಯಾದ ಫೇರ್ ವರ್ಕ್ ಕಾಯ್ದೆಯ ಪ್ರಕಾರ ಆರೋಗ್ಯ ಮತ್ತು ಸುರಕ್ಷತೆಗೆ ಅಪಾಯ ತರುವಂಥ, ಪದೇಪದೇ ನಡೆಯುವ ಅಸಮಂಜಸ ವರ್ತನೆಯೇ ಬುಲ್ಲಿಯಿಂಗ್. 2014ರ ಜನವರಿ 1ರಿಂದ ಅದನ್ನು ನಿಲ್ಲಿಸುವ ಆದೇಶ ಕೋರಿ ಫೇರ್ ವರ್ಕ್ ಕಮಿಷನ್ನಿಗೆ ಅರ್ಜಿ ಹಾಕಬಹುದು. ಮ್ಯಾನೇಜರ್ ಸರಿಯಾದ ರೀತಿಯಲ್ಲಿ ಕೈಗೊಂಡ ಸಮಂಜಸ ಕ್ರಮ ಅದರಲ್ಲಿ ಸೇರುವುದಿಲ್ಲ. ಹತ್ತು ಜನರ ಮುಂದೆ ಸಹೋದ್ಯೋಗಿಯೊಬ್ಬ ನಡೆಸುವ ವಾರದ ಹರಾಜಿಗೆ ಆ ರಕ್ಷಣೆಯನ್ನು ನೆಚ್ಚಿಕೊಳ್ಳುವಂತಿಲ್ಲ.

ಇನ್ನೊಂದು ಸಂಗತಿ ನಮ್ಮ ಜನಕ್ಕೆ ಹತ್ತಿರದ್ದು. ಆ ಮೆಲ್ಬರ್ನಿನವನು ಕಂಪನಿ ಪ್ರಾಯೋಜಿಸಿದ 482 ವೀಸಾದಲ್ಲಿ ಇರಬಹುದು. ಆ ವೀಸಾದವರು ಕೆಲಸ ಬಿಟ್ಟರೆ ಬೇರೆ ಪ್ರಾಯೋಜಕರನ್ನು ಹುಡುಕಲು 2024ರ ಜುಲೈ 1ರಿಂದ ಒಮ್ಮೆಗೆ 180 ದಿನ ಸಿಗುತ್ತದೆ. ಮೊದಲಿಗಿಂತ ಇದು ಉತ್ತಮ, ಆದರೆ ಬಾಡಿಗೆ, ಮಕ್ಕಳ ಶಾಲೆ ನಡೆಸುವವನಿಗೆ ಆರು ತಿಂಗಳು ಬೇಗ ಕರಗುತ್ತದೆ. ಕಾಯಂ ನಿವಾಸಿಯೊಬ್ಬಳು ಅಜಾಗ್ರತೆಯಿಂದ ಬರೆದ "ಸಾಮರ್ಥ್ಯ ಸಾಲದು" ಎಂಬ ಮಾತು ಅವಳಿಗೆ ಒಂದು ಇಮೇಲ್, ಅವನಿಗೆ ಅದು ಮನೆ ಖಾಲಿ ಮಾಡುವ ಮಾತಾಗಬಹುದು. ಹಾಗೆಂದು ತಡವನ್ನು ಮುಚ್ಚಿಡಬೇಕಿಲ್ಲ. ತಡ ಎಷ್ಟಿತ್ತೋ ಅಷ್ಟನ್ನೇ ಬರೆಯಬೇಕು. ಇಬ್ಬರೂ ಕನ್ನಡಿಗರೇ ಆಗಿದ್ದರೆ ರಾಜ್ಯೋತ್ಸವದ ಊಟದ ಸಾಲಿನಲ್ಲಿ ಮೂರನೆಯವರ ಕಿವಿಗೆ ಹಾಕುವ ಚಪಲ ಬೇರೆ ಇರುತ್ತದೆ. ನಿಜವಾದ ಚಾಡಿ ಅದು, ಮ್ಯಾನೇಜರಿಗೆ ಬರೆದ ಆ ಪತ್ರವಲ್ಲ.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ನೋವು ತಿಂದವರೇ ತಣ್ಣಗೆ ಮಾತಾಡಬೇಕು, ಅವರೇ ಪುರಾವೆ ಜೋಡಿಸಬೇಕು ಎನ್ನುವುದು ಬಲವಿದ್ದವರಿಗೆ ಅನುಕೂಲವಲ್ಲವೇ? ಅವಮಾನ, ಬೆದರಿಕೆ, ಲೈಂಗಿಕ ಕಿರುಕುಳದ ವಿಷಯದಲ್ಲಿ ಈ ಆಕ್ಷೇಪವನ್ನು ಪೂರ್ತಿ ಒಪ್ಪುತ್ತೇನೆ. ಅಲ್ಲಿ ಮೊದಲು ಅವನೊಂದಿಗೇ ಮಾತಾಡಿ ಎನ್ನುವುದು ಕ್ರೌರ್ಯ. ಆದರೆ ತಡವಾಗಿ ಬಂದ ಫೈಲ್ ಆ ಜಾತಿಯದಲ್ಲ. ಅದು ಗಡಿಯಾರದಲ್ಲಿ ಅಳೆಯಬಹುದಾದ ನಷ್ಟ, ಕಾರಣವೂ ಬಹಳ ಸಲ ಇಬ್ಬರ ಹೊರಗೇ ಇರುತ್ತದೆ.

ನಮ್ಮ ಉದಾಹರಣೆಯ ಮ್ಯಾನೇಜರ್ ಗಡುವನ್ನು 2 ಗಂಟೆಗೆ ಬದಲಿಸಿದರೆ ಅವನ ಕಾರಣ ಅಲ್ಲಿಗೆ ತೀರಿತು. ಆಮೇಲೂ ಫೈಲ್ ಬುಧವಾರವೇ ಬಂದರೆ ಎರಡನೆಯ ಪತ್ರ ಇನ್ನೂ ಚಿಕ್ಕದಾಗಿರುತ್ತದೆ, ಮ್ಯಾನೇಜರ್ ಅದನ್ನು ಪಕ್ಕಕ್ಕಿಡುವಂತಿಲ್ಲ. ಹೊಸ ಗಡುವಿಗೂ ಒಂದು ಅವಧಿಯಿದೆ ಎಂದು ಇಬ್ಬರೂ ಗುರುತು ಹಾಕಿಕೊಳ್ಳಲಿ: 2026ರ ಏಪ್ರಿಲ್ 5ರ ಭಾನುವಾರ ಸಿಡ್ನಿ, ಮೆಲ್ಬರ್ನಿನ ಗಡಿಯಾರಗಳು ಮತ್ತೆ ಒಂದು ಗಂಟೆ ಹಿಂದೆ ಬರುತ್ತವೆ.