ಬ್ಯಾಂಡ್ ಬರೆದ ನಿದ್ರೆ, ಮಲಗಿದವನ ರಾತ್ರಿ

ಕಪ್ಪತಗುಡ್ಡದ ಸೆರಗಿನ ಡೋಣಿಯಲ್ಲಿ ಅಪ್ಪ, ಬೆಂಗಳೂರಿನಲ್ಲಿ ಮಗ. ಮಗ ಕೊಡಿಸಿದ ಫಿಟ್‌ನೆಸ್ ಬ್ಯಾಂಡ್ ಅಪ್ಪನ ಮುಂಗೈಯಲ್ಲಿದೆ. ಬೆಳಗಾದರೆ ರಾತ್ರಿಯ ನಿದ್ರೆಯ ಸ್ಕ್ರೀನ್‌ಶಾಟ್ ವಾಟ್ಸ್‌ಆ್ಯಪಿನಲ್ಲಿ ಮಗನಿಗೆ ಹೋಗುತ್ತದೆ. ಉದಾಹರಣೆಗಾಗಿ ಇಂಥ ಮನೆಯ ಒಂದು ರಾತ್ರಿಯನ್ನು ಕಲ್ಪಿಸಿಕೊಳ್ಳೋಣ. ಅಪ್ಪನಿಗೆ 56 ವರ್ಷ. ಮಲಗಿದ್ದು 10.15ಕ್ಕೆ, ಎದ್ದಿದ್ದು 5 ಗಂಟೆಗೆ. ಒಟ್ಟು ನಿದ್ರೆ 6 ಗಂಟೆ 22 ನಿಮಿಷ; ಅದರಲ್ಲಿ ಗಾಢ ನಿದ್ರೆ 41 ನಿಮಿಷ, ಕನಸು ಹೆಚ್ಚು ಬೀಳುವ ಆರ್‌ಇಎಂ ನಿದ್ರೆ 66 ನಿಮಿಷ, ಉಳಿದದ್ದು ಹಗುರ ನಿದ್ರೆ. ಎಚ್ಚರವಿದ್ದದ್ದು 23 ನಿಮಿಷ. ನಾಡಿಬಡಿತ ಹೆಚ್ಚೆಂದರೆ 141 ಎಂದು ಬರೆದಿದೆ.

ಮಗನ ಕಣ್ಣು ಎರಡೇ ಅಂಕಿಗಳ ಮೇಲೆ ನಿಲ್ಲುತ್ತದೆ. ಗಾಢ ನಿದ್ರೆ 41 ನಿಮಿಷವಷ್ಟೇ, ನಾಡಿ 141ಕ್ಕೆ ಏರಿದೆ. ಹೃದಯಕ್ಕೇನೋ ಆಗಿದೆ, ನಾಳೆಯೇ ಗದಗಿಗೆ ಹೋಗಿ ತೋರಿಸು ಎನ್ನುತ್ತಾನೆ. ಅವನ ಕಾಳಜಿ ನಿಜವಾದದ್ದು. ಆದರೆ ಆ ಚಿತ್ರದಲ್ಲಿ ಆತಂಕಪಡಬೇಕಾದ ಅಂಕಿ ಇವೆರಡೂ ಅಲ್ಲ.

ನಿದ್ರೆಯ ಹಂತಗಳನ್ನು ಗುರುತಿಸುವುದು ಮಿದುಳಿನ ಅಲೆಗಳಿಂದ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆಯ ನಿದ್ರಾ ಪ್ರಯೋಗಾಲಯದಲ್ಲಿ ತಲೆಗೆ, ಕಣ್ಣಿನ ಪಕ್ಕಕ್ಕೆ, ಗದ್ದಕ್ಕೆ ತಂತಿಗಳನ್ನು ಅಂಟಿಸಿ ರಾತ್ರಿಯಿಡೀ ದಾಖಲಿಸುತ್ತಾರೆ. ಆಮೇಲೆ ತರಬೇತಾದವರು ಆ ದಾಖಲೆಯನ್ನು 30 ಸೆಕೆಂಡಿನ ತುಣುಕುಗಳಾಗಿ ನೋಡುತ್ತ, ಪ್ರತಿ ತುಣುಕು ಯಾವ ಹಂತದ್ದೆಂದು ಬರೆಯುತ್ತಾರೆ. ಹಾಗೆ ಬರೆಯುವ ಇಬ್ಬರು ಪರಿಣತರೂ ಎಲ್ಲ ತುಣುಕುಗಳಲ್ಲಿ ಒಪ್ಪುವುದಿಲ್ಲ. ಐದರಲ್ಲಿ ಸುಮಾರು ನಾಲ್ಕರಲ್ಲಿ ಒಪ್ಪುತ್ತಾರೆ. ಮುಂಗೈಯ ಬ್ಯಾಂಡಿಗೆ ಮಿದುಳು ಕಾಣುವುದೇ ಇಲ್ಲ. ಅದರ ಬಳಿ ಇರುವುದು ಎರಡು ಸಾಧನ: ಕೈ ಅಲುಗಿತೇ ಎಂದು ಹೇಳುವ ಸಂವೇದಕ, ಮತ್ತು ಚರ್ಮದ ಕೆಳಗೆ ರಕ್ತ ತುಂಬಿ ಇಳಿಯುವುದನ್ನು ಗಮನಿಸಿ ನಾಡಿ ಎಣಿಸುವ ಹಸಿರು ಬೆಳಕು. ಗಾಢ ನಿದ್ರೆಯಲ್ಲಿ ನಾಡಿ ಇಳಿದು ಒಂದೇ ಲಯದಲ್ಲಿರುತ್ತದೆ, ಆರ್‌ಇಎಂನಲ್ಲಿ ಏರಿಳಿಯುತ್ತದೆ. ಈ ಸುಳಿವುಗಳಿಂದ ಆ್ಯಪ್ ಹಂತವನ್ನು ಊಹಿಸುತ್ತದೆ. ಬಣ್ಣಬಣ್ಣದ ಆ ಮೆಟ್ಟಿಲುಗಳು ಅಳತೆಯಲ್ಲ, ಅಂದಾಜು.

ಈ ಅಂದಾಜು ತಪ್ಪುವುದಕ್ಕೂ ಒಂದು ದಿಕ್ಕಿದೆ. ನಿದ್ರೆಯಲ್ಲಿದ್ದವನನ್ನು ನಿದ್ರೆಯಲ್ಲಿದ್ದಾನೆಂದು ಬ್ಯಾಂಡ್ ಬಹುಪಾಲು ಸರಿಯಾಗಿಯೇ ಹೇಳುತ್ತದೆ. ಆದರೆ ಎಚ್ಚರವಾಗಿದ್ದೂ ಕದಲದೆ ಮಲಗಿದವನನ್ನು ಅದು ಹಿಡಿಯಲಾರದು, ಅವನನ್ನೂ ಹಗುರ ನಿದ್ರೆಯ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ಡೋಣಿಯ ಆ ರಾತ್ರಿಯನ್ನು ಇಲ್ಲಿಂದ ಓದಬೇಕು.

ಅಪ್ಪನನ್ನು ಫೋನಿನಲ್ಲಿ ಕೇಳಿದರೆ ಉತ್ತರ ಸಿಗುತ್ತದೆ. ಆ ವಾರ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಬರುವುದು ರಾತ್ರಿ ಎರಡರ ಹೊತ್ತಿಗೆ. ಒಂದಕ್ಕೇ ಎಚ್ಚರವಾಗಿ, ಕರೆಂಟ್ ಯಾವಾಗ ಬಂದೀತೆಂದು ಕಾಯುತ್ತ ಸುಮ್ಮನೆ ಮಲಗಿದ್ದರು. ಎರಡಕ್ಕೆ ಎದ್ದು ಹೊಲಕ್ಕೆ ನಡೆದು ಮೋಟರು ಚಾಲೂ ಮಾಡಿ ಬಂದರು. ಬ್ಯಾಂಡ್ ಬರೆದ 23 ನಿಮಿಷದ ಎಚ್ಚರ ಈ ಓಡಾಟದ್ದು. ಕಾಯುತ್ತ ಮಲಗಿದ ಒಂದು ಗಂಟೆ ನಿದ್ರೆಯ ಲೆಕ್ಕದಲ್ಲಿ ಸೇರಿಹೋಗಿದೆ. ಅದನ್ನು ಕಳೆದರೆ ನಿದ್ರೆ 5 ಗಂಟೆ 22 ನಿಮಿಷ, ಅದೂ ನಡುವೆ ತುಂಡಾದದ್ದು. ದೊಡ್ಡವರಿಗೆ ಬೇಕಾದ ಏಳು ಗಂಟೆಗೆ ಇದು ಬಹಳ ಕಡಿಮೆ. ಮಗ ನೋಡಬೇಕಿದ್ದ ಅಂಕಿ ಇದು, ಮತ್ತು ಇದು ಸ್ಕ್ರೀನಿನ ಮೇಲೆ ಇರಲೇ ಇಲ್ಲ.

ಹಾಗಾದರೆ 41 ನಿಮಿಷದ ಗಾಢ ನಿದ್ರೆ? ಪ್ರಾಯದವರಲ್ಲಿ ಗಾಢ ನಿದ್ರೆ ಒಟ್ಟು ನಿದ್ರೆಯ ಐದನೇ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ. ವಯಸ್ಸಾದಂತೆ ಅದು ಇಳಿಯುವುದು ಸಹಜ. ಇಲ್ಲಿ ಸುಮಾರು ಶೇ 11 ಇದೆ. ಬ್ಯಾಂಡಿನ ಅಂದಾಜು ಒಂದು ರಾತ್ರಿಗೆ ಅರ್ಧ ಗಂಟೆಯಷ್ಟು ಅತ್ತಿತ್ತ ಆಗುವುದು ಸಾಮಾನ್ಯವಾದ್ದರಿಂದ, ನಿಜವಾದ ಗಾಢ ನಿದ್ರೆ 20 ನಿಮಿಷವೂ ಇರಬಹುದು, 70ವೂ ಇರಬಹುದು. ಇಷ್ಟು ಸಡಿಲವಾದ ಅಂಕಿಯ ಮೇಲೆ ಯಾವ ತೀರ್ಮಾನವೂ ನಿಲ್ಲುವುದಿಲ್ಲ. ಎರಡು ಕಂಪನಿಯ ಬ್ಯಾಂಡ್‌ಗಳನ್ನು ಅಕ್ಕಪಕ್ಕ ಕಟ್ಟಿಕೊಂಡು ಮಲಗಿದರೆ ಒಂದೇ ರಾತ್ರಿಗೆ ಎರಡು ಲೆಕ್ಕ ಸಿಗುತ್ತದೆ. ಆ್ಯಪ್ ಅಪ್‌ಡೇಟ್ ಆದಾಗ ಊಹಿಸುವ ಸೂತ್ರ ಬದಲಾಗಿ, ಅದೇ ನಿದ್ರೆಗೆ ಬೇರೆ ಅಂಕಿ ಬರುವುದೂ ಉಂಟು.

ನಾಡಿಯ ಗೆರೆ ಇದಕ್ಕಿಂತ ನಂಬಲರ್ಹ. ಕೈ ಕದಲದಿರುವಾಗ ಬ್ಯಾಂಡ್ ನಾಡಿಯನ್ನು ಚೆನ್ನಾಗಿಯೇ ಎಣಿಸುತ್ತದೆ. ಅಲ್ಲಿ ಒಂದು ಅತಿ ದೊಡ್ಡ ಅಂಕಿಯನ್ನಲ್ಲ, ಆಕಾರವನ್ನು ನೋಡಬೇಕು. ಈ ಬ್ಯಾಂಡ್ ಹತ್ತು ನಿಮಿಷಕ್ಕೊಮ್ಮೆ ಅಳೆಯುವಂತೆ ಹೊಂದಿಸಿದ್ದು. ಗೆರೆಯ ಮೇಲೆ ಬೆರಳಿಟ್ಟು ನೋಡಿದರೆ 2.10ಕ್ಕೆ 118, 2.20ಕ್ಕೆ 112, 2.30ಕ್ಕೆ 84, 2.40ಕ್ಕೆ 66. ಏರಿತು, ಮೆಲ್ಲನೆ ಇಳಿಯಿತು. ಹೊಲಕ್ಕೆ ಹೋಗಿಬಂದ ಹೊತ್ತಿಗೆ ಸರಿಹೊಂದುತ್ತದೆ. ಇದು ನಿಜವಾದ ನಾಡಿ, ಕಾರಣವೂ ಗೊತ್ತು. ಆದರೆ ಆ 141 ಇರುವುದು 4.20ಕ್ಕೆ. ಅದರ ಹಿಂದಿನದು 57, ಮುಂದಿನದು 58. ಮಗ್ಗುಲು ಬದಲಿಸುವಾಗ ಪಟ್ಟಿ ಸಡಿಲಾಗಿ ಬೆಳಕು ಸೋರಿದರೆ ಇಂಥ ಒಂಟಿ ಮೊನೆ ಬರುತ್ತದೆ. ಹೆಚ್ಚಿನ ಸಂಭವ ಅದೇ. ಒಂದೇ ಸಲ ಬಂದದ್ದನ್ನು ಬಿಡಬಹುದು. ಪಟ್ಟಿಯನ್ನು ಮಣಿಕಟ್ಟಿನ ಗೆಣ್ಣಿಗಿಂತ ಒಂದು ಬೆರಳು ಮೇಲೆ ಬಿಗಿಯಾಗಿ ಕಟ್ಟಿದ ಮೇಲೂ ರಾತ್ರಿ ರಾತ್ರಿ ಮರುಕಳಿಸಿದರೆ, ಅಥವಾ ಎದೆ ಡವಡವ ಎಂದು ಎಚ್ಚರವಾಗುತ್ತಿದ್ದರೆ, ಆಗ ಇಸಿಜಿ ಬೇಕು.

ಸ್ಕ್ರೀನ್‌ಶಾಟ್ ಮುಚ್ಚಿಡುವುದು ಇಂಥ ವಿವರಗಳನ್ನೇ. ಗೆರೆಯ ಎಡಗಡೆಯ ಅಳತೆ ಎಲ್ಲಿಂದ ಎಲ್ಲಿಗಿದೆ ಎಂಬುದನ್ನು ಆ್ಯಪ್ ತಾನೇ ಹೊಂದಿಸುವುದುಂಟು. 50ರಿಂದ 70ರೊಳಗಿನ ಸಣ್ಣ ಏರಿಳಿತವೂ ಆಗ ಗುಡ್ಡಗಳಂತೆ ಕಾಣುತ್ತದೆ. ಬಿಪಿಗೆ ಕೊಡುವ ಕೆಲವು ಗುಳಿಗೆಗಳು ನಾಡಿಯನ್ನು ಇಳಿಸುತ್ತವೆ. ಜ್ವರ, ತಡವಾದ ಊಟ, ಕುಡಿತ, ಬೇಸಿಗೆಯ ಧಗೆ ಅದನ್ನು ಏರಿಸುತ್ತವೆ. ಇದಾವುದೂ ಚಿತ್ರದಲ್ಲಿಲ್ಲ. ಹಾಗಾಗಿ ಒಂದು ರಾತ್ರಿಯನ್ನು ಊರವರ ಸರಾಸರಿಯೊಂದಿಗೆ ಹೋಲಿಸುವುದಕ್ಕಿಂತ, ಅದೇ ಮನುಷ್ಯನ ಹದಿನೈದು ದಿನದ ರಾತ್ರಿ ನಾಡಿಯೊಂದಿಗೆ ಹೋಲಿಸುವುದು ಲೇಸು. ಸಾಮಾನ್ಯವಾಗಿ 58ರ ಆಸುಪಾಸಿನಲ್ಲಿದ್ದದ್ದು ಮೂರು ರಾತ್ರಿ ಬಿಡದೆ 68ರಲ್ಲಿ ನಿಂತರೆ ಮೈಯಲ್ಲೇನೋ ಬದಲಾಗಿದೆ. ಏನೆಂಬುದನ್ನು ಮಾತ್ರ ಬ್ಯಾಂಡ್ ಹೇಳಲಾರದು.

ಉಲ್ಟಾ ತಪ್ಪು ಇನ್ನೂ ಅಪಾಯದ್ದು. ಚಿತ್ರ ಚೆನ್ನಾಗಿ ಬಂತು, ಸ್ಕೋರ್ 88 ಎಂದು ಸಮಾಧಾನಪಟ್ಟು ಜೋರು ಗೊರಕೆಯನ್ನು, ಗೊರಕೆಯ ನಡುವೆ ಉಸಿರು ಕಟ್ಟುವುದನ್ನು, ಹಗಲು ಟ್ರ್ಯಾಕ್ಟರ್ ಮೇಲೆ ತೂಕಡಿಸುವುದನ್ನು ಕಡೆಗಣಿಸುವವರಿದ್ದಾರೆ. ಉಸಿರು ನಿಲ್ಲುವ ಕಾಯಿಲೆ ಇಲ್ಲವೆಂದು ಹಂತಗಳ ನಕ್ಷೆ ಸಾಬೀತು ಮಾಡುವುದಿಲ್ಲ. ಪಕ್ಕದಲ್ಲಿ ಮಲಗಿದವರು ಕಂಡದ್ದೇ ಅಲ್ಲಿ ದೊಡ್ಡ ಸಾಕ್ಷಿ.

ಗಾಢ ನಿದ್ರೆಯ ಅಂಕಿ ಏರಿಸಬೇಕೆಂಬ ಹಟವೇ ನಿದ್ರೆ ಕೆಡಿಸುವುದನ್ನೂ ವೈದ್ಯರು ಕಂಡಿದ್ದಾರೆ. 2017ರಲ್ಲಿ ಅಮೆರಿಕದ ಸಂಶೋಧಕರು ಅದಕ್ಕೆ ಆರ್ಥೋಸೋಮ್ನಿಯಾ ಎಂದು ಹೆಸರಿಟ್ಟರು. ಬ್ಯಾಂಡ್ ಮಾರುವವರು ಹಂತಗಳ ಪಕ್ಕದಲ್ಲಿ ‘ಅಂದಾಜು’ ಎಂದು ದಪ್ಪಕ್ಷರದಲ್ಲಿ ಬರೆಯಬೇಕು. ಅಂಕಿಯ ಜೊತೆಗೆ ಅದು ಎಷ್ಟು ತಪ್ಪಬಹುದೆಂಬುದನ್ನೂ ತೋರಿಸಬೇಕು.

ದೂರದ ಮಕ್ಕಳಲ್ಲಿ ಒಂದು ವಿನಂತಿ. ಸ್ಕ್ರೀನ್‌ಶಾಟ್ ಬಂದಾಗ ಮೊದಲು ಫೋನ್ ಮಾಡಿ. ಎಷ್ಟಕ್ಕೆ ಮಲಗಿದಿರಿ, ನಡುವೆ ಎದ್ದಿರಾ, ಹಗಲು ಹೇಗಿದ್ದಿರಿ ಎಂದು ಕೇಳಿ. ವೈದ್ಯರಲ್ಲಿಗೆ ಹೋಗುವಾಗ ಆ ಉತ್ತರಗಳನ್ನೂ ಗುಳಿಗೆಗಳ ಹೆಸರನ್ನೂ ಎರಡು ವಾರ ಬರೆದ ಹಾಳೆ ಒಯ್ಯಿರಿ. ಡೋಣಿಯ ಈ ಅಪ್ಪನಿಗೆ ಬೇಕಾದದ್ದಾದರೂ ಹೊಸ ಬ್ಯಾಂಡ್ ಅಲ್ಲ, ಪಂಪ್‌ಸೆಟ್ಟಿಗೆ ಹಗಲು ಹೊತ್ತಿನ ಕರೆಂಟ್.