ಮೈಗಳ್ಳ ಎನ್ನುವ ಮೊದಲು



ಈ ಬಾರಿಯ ಯುಗಾದಿ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತಿದ್ದ ತಂದೆಯೊಬ್ಬರು ಎದುರು ಸಾಲಿನಲ್ಲಿದ್ದ ಮಗನನ್ನು ತೋರಿಸಿ ಎಲ್ಲರಿಗೂ ಕೇಳುವಂತೆ ಹೇಳಿದರು: “ಇವನಿಗೆ ಎಲ್ಲಾ ಗೊತ್ತು ಡಾಕ್ಟ್ರೇ, ಮಾಡೋದಿಲ್ಲ ಅಷ್ಟೆ. ಮೈಗಳ್ಳ.” ಸುತ್ತಲಿದ್ದವರು ನಕ್ಕರು. 14 ವರ್ಷದ ಆ ಹುಡುಗ ತಲೆ ಎತ್ತಲಿಲ್ಲ. ಅವನ ತಂದೆತಾಯಿಯರ ಹಾಗೂ ಅವನದೇ ಒಪ್ಪಿಗೆ ಪಡೆದು, ಹೆಸರು ಹೇಳದೆ, ಮುಂದೆ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮೈಗಳ್ಳ ಎಂಬ ಆ ಪದದ ವಿರುದ್ಧವೇ ನನ್ನ ತಕರಾರು.

ಮೈಗಳ್ಳನಿಗೆ ಕೆಲಸ ತಪ್ಪಿದರೆ ಹಾಯೆನಿಸುತ್ತದೆ. ಈ ಹುಡುಗ ಸಂಜೆ ಶಾಲೆಯಿಂದ ಬಂದು, ಮಹಡಿಯ ಕೋಣೆಯಲ್ಲಿ ಮೇಜಿನ ಮುಂದೆ ಒಂದೂವರೆ ಗಂಟೆ ಕುಳಿತಿರುತ್ತಿದ್ದ. ಆಡುತ್ತಿರಲಿಲ್ಲ, ಓದುತ್ತಲೂ ಇರಲಿಲ್ಲ. ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು. ಕೊನೆಗೆ ಅಳು, ಇಲ್ಲವೆ ಜಗಳ. ತಪ್ಪಿಸಿಕೊಳ್ಳುವವನು ಹೀಗೆ ನರಳುವುದಿಲ್ಲ. “ಗೊತ್ತು, ಆದರೆ ಮಾಡುವುದಿಲ್ಲ” ಎಂದು ತಂದೆ ಆರೋಪವಾಗಿ ಹೇಳಿದ ಮಾತು ವೈದ್ಯರ ಕಿವಿಗೆ ಒಂದು ಲಕ್ಷಣದ ವಿವರಣೆಯಾಗಿ ಕೇಳಿಸಬೇಕು. ಎಡಿಎಚ್‌ಡಿಯನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಮನೋವಿಜ್ಞಾನಿ ರಸೆಲ್ ಬಾರ್ಕ್ಲಿ ವಾದಿಸುತ್ತಾ ಬಂದಿರುವುದೂ ಇದನ್ನೇ: ಕೊರತೆ ಇರುವುದು ತಿಳಿವಳಿಕೆಯಲ್ಲಲ್ಲ, ತಿಳಿದದ್ದನ್ನು ಮಾಡಬೇಕಾದ ಹೊತ್ತಿನಲ್ಲಿ ಮಾಡುವುದರಲ್ಲಿ. ಆದ್ದರಿಂದ ಬುದ್ಧಿಮಾತು ಇಲ್ಲಿ ನಾಟುವುದಿಲ್ಲ. ಅದು ಗೊತ್ತಿರುವವನಿಗೇ ಮತ್ತೆ ಗೊತ್ತುಮಾಡಿಸುತ್ತದೆ. ಸಹಾಯ ಬೇಕಾಗಿರುವುದು ಆ ಮೇಜಿನ ಮೇಲೆ, ಆ ನಿಮಿಷದಲ್ಲಿ, ಕಣ್ಣಿಗೆ ಕಾಣುವ ರೂಪದಲ್ಲಿ.

ಇಂಥವರ ಕಷ್ಟಕ್ಕೆ ಎರಡು ಮುಖಗಳಿವೆ. ಮೊದಲನೆಯದು ಕಾಲದ್ದು. ನಮಗೆ “ಅರ್ಧ ಗಂಟೆ” ಎಂದರೆ ಒಂದು ಅಂದಾಜಿನ ಉದ್ದ ಮನಸ್ಸಿಗೆ ಬರುತ್ತದೆ. ಇವರಿಗೆ ಕಾಲ “ಈಗ” ಮತ್ತು “ಈಗಲ್ಲ” ಎಂದು ಎರಡೇ ಭಾಗವಾಗಿರುತ್ತದೆ. ಎರಡನೆಯದು ಕೆಲಸದ್ದು. “ವಿಜ್ಞಾನದ ವರದಿ ಬರೆ” ಎಂಬ ಮಾತಿನಲ್ಲಿ ಕೈ ಮೊದಲು ಎಲ್ಲಿಗೆ ಹೋಗಬೇಕೆಂಬುದೇ ಇಲ್ಲ. ಮೊದಲನೆಯದಕ್ಕೆ ಕಣ್ಣಿಗೆ ಕಾಣುವ ಟೈಮರ್, ಎರಡನೆಯದಕ್ಕೆ ಅತಿ ಚಿಕ್ಕ ಹೆಜ್ಜೆಗಳು. ಎರಡೂ ಜೊತೆಯಾಗಿರಬೇಕು. ಹೆಜ್ಜೆಯಿಲ್ಲದ ಟೈಮರ್ ಬರಿಯ ಬೆದರಿಕೆ, ಟೈಮರ್ ಇಲ್ಲದ ಹೆಜ್ಜೆಗಳು ಕೊನೆಯಿಲ್ಲದ ಪಟ್ಟಿ.

ಟೈಮರ್ ಎಂದಾಗ ಫೋನಿನ ಗಡಿಯಾರ ನನ್ನ ಮನಸ್ಸಿನಲ್ಲಿಲ್ಲ. ಅಂಕಿಗಳು ಇಳಿಯುವುದನ್ನು ಓದಿ ಅರ್ಥಮಾಡಿಕೊಳ್ಳಬೇಕು, ಜೊತೆಗೆ ಫೋನು ಎತ್ತಿದ ಕೈ ವೀಡಿಯೋಗೆ ಹೋಗುತ್ತದೆ. ಅಮೆರಿಕದ ಸಿನ್ಸಿನಾಟಿಯ ತಾಯಿಯೊಬ್ಬರು, ಜಾನ್ ರೋಜರ್ಸ್, “ಇನ್ನೆಷ್ಟು ಹೊತ್ತು?” ಎಂದು ಕೇಳುತ್ತಿದ್ದ ತಮ್ಮ ಪುಟ್ಟ ಮಗಳಿಗಾಗಿ 1990ರ ದಶಕದಲ್ಲಿ ರೂಪಿಸಿದ ಸಾಧನ ಇಂದು ಎಷ್ಟೋ ಶಾಲೆಗಳಲ್ಲಿದೆ. ಅದರಲ್ಲಿ ಉಳಿದಿರುವ ಸಮಯ ಕೆಂಪು ಬಿಲ್ಲೆಯಾಗಿ ಕಾಣುತ್ತದೆ, ಹೊತ್ತು ಕಳೆದಂತೆ ಕೆಂಪು ಕುಗ್ಗುತ್ತದೆ. ಕೊಳ್ಳಲೇಬೇಕೆಂದೇನಿಲ್ಲ. ಮುಳ್ಳುಗಳಿರುವ ಗೋಡೆ ಗಡಿಯಾರದ ಗಾಜಿನ ಮೇಲೆ ಅಳಿಸಬಹುದಾದ ಮಾರ್ಕರ್‌ನಿಂದ ಐದು ನಿಮಿಷದ ಭಾಗಕ್ಕೆ ಬಣ್ಣ ಹಚ್ಚಿ. ನಿಮಿಷದ ಮುಳ್ಳು ಬಣ್ಣ ದಾಟಿದರೆ ಹೊತ್ತು ಮುಗಿಯಿತು. ಆ ಮನೆಯಲ್ಲಿ ನಾವು ಮಾಡಿದ್ದು ಇಷ್ಟೇ.

ನಾನು ಹೋಗುವ ಮೊದಲು ಅವರೂ ಸುಮ್ಮನಿರಲಿಲ್ಲ. ತಾಯಿ ಸಂಜೆ ಐದೂವರೆಯಿಂದ ಎಂಟರವರೆಗೆ ಬಣ್ಣಬಣ್ಣದ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದರು. ಅದರಲ್ಲಿ “ವಿಜ್ಞಾನ, 45 ನಿಮಿಷ” ಎಂದಿತ್ತು. ಅದು ನಡೆಯದಿದ್ದಾಗ ತಂದೆ ಪೊಮೊಡೊರೊ ಪದ್ಧತಿ ತಂದರು. ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ ವಿದ್ಯಾರ್ಥಿಯಾಗಿದ್ದಾಗ ಟೊಮೇಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಆರಂಭಿಸಿದ, 25 ನಿಮಿಷದ ಕೆಲಸ, 5 ನಿಮಿಷದ ವಿರಾಮದ ಕ್ರಮ ಅದು. ಹೊಸ್ತಿಲು ದಾಟಿದವನಿಗೆ ಅದು ಒಳ್ಳೆಯ ಕ್ರಮ. ದಾಟಲಾಗದವನಿಗೆ 25 ನಿಮಿಷವೇ ಒಂದು ಬೆಟ್ಟ. ಹುಡುಗ ಟೈಮರ್ ನೋಡುತ್ತಾ 25 ನಿಮಿಷವನ್ನೂ ಕಳೆದ.

ನಾವು ಕೈಗೆತ್ತಿಕೊಂಡದ್ದು ಅದೇ ವರದಿ. ಮೆಗ್ನೀಷಿಯಮ್ ಪಟ್ಟಿಯನ್ನು ಆಮ್ಲದಲ್ಲಿ ಹಾಕಿ, ಹೊರಬಂದ ಅನಿಲವನ್ನು ಅಳೆದು, ನಕ್ಷೆ ಬರೆಯಬೇಕು. “ಮೊದಲು ಏನು ಮಾಡ್ತೀಯಪ್ಪ?” ಎಂದೆ. “ಗ್ರಾಫ್ ಹಾಕ್ಬೇಕು” ಎಂದ. “ಈಗ ನಾನು ನಿನ್ನ ಫೋಟೊ ತೆಗೆದರೆ, ನಿನ್ನ ಕೈ ಏನು ಹಿಡಿದಿರುತ್ತೆ?” ಎಂದು ಕೇಳಿದೆ. ಸ್ವಲ್ಪ ಯೋಚಿಸಿ, “ಸ್ಕೂಲ್ ಬ್ಯಾಗು” ಎಂದ. ಅದೇ ಮೊದಲ ಹೆಜ್ಜೆ. ಒಂದೊಂದು ಚೀಟಿಯಲ್ಲಿ ಒಂದೊಂದನ್ನು ಅವನೇ ಹೇಳಿದ, ತಾಯಿ ಬರೆದರು:

ಒಂದು, ಚೀಲದಿಂದ ವಿಜ್ಞಾನದ ನೋಟ್‌ಬುಕ್ ತೆಗೆದು ಮೇಜಿನ ಮೇಲಿಡುವುದು.
ಎರಡು, ಅಳತೆಗಳನ್ನು ಬರೆದಿರುವ ಪುಟ ತೆರೆಯುವುದು.
ಮೂರು, ಗ್ರಾಫ್ ಹಾಳೆಯ ಮೇಲೆ ದಿನಾಂಕ ಬರೆಯುವುದು.
ನಾಲ್ಕು, ಸ್ಕೇಲ್ ಇಟ್ಟು ಎರಡು ಗೆರೆ ಎಳೆಯುವುದು.
ಐದು, ಅಡ್ಡಗೆರೆಗೆ “ಸಮಯ”, ನಿಂತ ಗೆರೆಗೆ “ಅನಿಲ” ಎಂದು ಬರೆಯುವುದು.

ಇಷ್ಟೇ. ಆರನೆಯದನ್ನು ಬರೆಯಲಿಲ್ಲ. ಚೀಟಿಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲಿನದೊಂದೇ ಕಾಣುವಂತೆ ಇಟ್ಟೆವು. ಗಡಿಯಾರದ ಮೇಲೆ ಐದು ನಿಮಿಷದ ಬಣ್ಣ. ತಾಯಿ ಪಕ್ಕದಲ್ಲಿ ತಮ್ಮ ಬಿಲ್ಲುಗಳನ್ನು ಜೋಡಿಸುತ್ತಾ ಮಾತಿಲ್ಲದೆ ಕುಳಿತರು. ಹುಡುಗ ಚೀಲಕ್ಕೆ ಕೈ ಹಾಕಿದ.

ಎರಡನೆಯ ಚೀಟಿಯ ಬಳಿ ಕೈ ನಿಂತಿತು. ಕಾರಣ ಕೇಳಿದರೆ, ಅಳತೆಗಳು ನೋಟ್‌ಬುಕ್ಕಿನಲ್ಲಿರಲಿಲ್ಲ, ಗೆಳೆಯನ ಬಳಿ ಇದ್ದವು. ಅಂದರೆ ನಾವು ಕಾಣದ ಹೆಜ್ಜೆಯೊಂದು ನಡುವೆ ಅಡಗಿತ್ತು. “ಗೆಳೆಯನಿಗೆ ಒಂದು ಸಾಲು ಸಂದೇಶ ಕಳುಹಿಸುವುದು” ಎಂಬ ಹೊಸ ಚೀಟಿ ಸೇರಿತು. ತಾಯಿಯ ಫೋನಿನಿಂದ ಕಳುಹಿಸಿದ. ಇದರಿಂದ ಒಂದು ನಿಯಮ ಹಿಡಿಯಬಹುದು. ಟೈಮರ್ ಶುರುವಾಗಿ ಒಂದು ನಿಮಿಷದೊಳಗೆ ಕೈ ಅಲುಗಾಡದಿದ್ದರೆ, ತಪ್ಪು ಮಗುವಿನದಲ್ಲ, ಹೆಜ್ಜೆಯದು. ಅದು ದೊಡ್ಡದಾಗಿದೆ, ಇಲ್ಲವೆ ಅದರ ಹಿಂದೆ ಇನ್ನೊಂದು ಅಡಗಿದೆ. ಬಯ್ಯುವ ಬದಲು ಚೀಟಿಯನ್ನು ಎರಡಾಗಿ ಸೀಳಿ.

ಈಗ ನನ್ನ ಮುಖ್ಯ ಜಗಳಕ್ಕೆ ಬರುತ್ತೇನೆ. ಅದು ಟೈಮರ್ ಕೊಂಡ ತಂದೆತಾಯಿಯರ ಜೊತೆ. ಐದು ನಿಮಿಷ ಮುಗಿದಾಗ ಮಗು ನಿಲ್ಲಿಸಬಹುದು. ನಿಜವಾಗಿಯೂ ನಿಲ್ಲಿಸಬಹುದು. ಬೇಕಿದ್ದರೆ ಇನ್ನೈದು ನಿಮಿಷದ ಬಣ್ಣ ಹಚ್ಚುವ ಹಕ್ಕು ಅವನದು. ನಾಲ್ಕನೆಯ ದಿನ ನಮ್ಮ ಹುಡುಗ ಐದು ನಿಮಿಷದಲ್ಲಿ ನಕ್ಷೆಯ ನಾಲ್ಕು ಬಿಂದುಗಳನ್ನು ಗುರುತಿಸಿದ. ತಂದೆಗೆ ಸಂತೋಷ ತಡೆಯಲಾಗಲಿಲ್ಲ: “ಹೇಗೂ ಶುರು ಮಾಡಿದ್ದೀಯಲ್ಲ, ಇನ್ನರ್ಧ ಗಂಟೆ ಕೂತು ಮುಗಿಸಿಬಿಡು.” ಐದನೆಯ ದಿನ ಹುಡುಗ ಚೀಲ ಮುಟ್ಟಲಿಲ್ಲ. ಏಕೆ ಮುಟ್ಟಬೇಕು? ಐದು ನಿಮಿಷ ಎಂದರೆ ಮೂವತ್ತೈದು ಎಂದು ಅವನು ಕಲಿತಾಗಿತ್ತು. ಮಾತು ತಪ್ಪಿದ ಟೈಮರ್ ಚಾಟಿಯಾಗುತ್ತದೆ, ಚಾಟಿಯ ಎದುರು ಯಾರೂ ಹೊಸ್ತಿಲು ದಾಟುವುದಿಲ್ಲ. ತಂದೆ ಮಗನ ಬಳಿ ತಪ್ಪೊಪ್ಪಿಕೊಂಡರು. ನಂಬಿಕೆ ಮರಳಲು ವಾರವೇ ಹಿಡಿಯಿತು.

ವಿರಾಮಕ್ಕೂ ಬಣ್ಣ ಹಚ್ಚಬೇಕು. ಆ ಹೊತ್ತಿನಲ್ಲಿ ನೀರು ಕುಡಿಯಲಿ, ಮೆಟ್ಟಿಲು ಹತ್ತಿ ಇಳಿಯಲಿ. ಫೋನು ಬೇಡ, ಏಕೆಂದರೆ ಫೋನಿನಿಂದ ಹೊರಬರುವುದೇ ಮತ್ತೊಂದು ಕಠಿಣ ಆರಂಭ. ಪ್ರಗತಿಯನ್ನು ಮುಗಿದ ಪುಟಗಳಲ್ಲಿ ಅಳೆಯಬೇಡಿ. ಕುಳಿತ ಕ್ಷಣದಿಂದ ಕೈ ಅಲುಗಾಡುವವರೆಗೆ ಎಷ್ಟು ನಿಮಿಷ ಹೋಯಿತೆಂದು ಬರೆದಿಡಿ. ಈ ಮನೆಯಲ್ಲಿ ಅದು ಮೊದಲು ಒಂದು ಗಂಟೆಗೂ ಮೀರುತ್ತಿತ್ತು, ಆರನೆಯ ವಾರದಲ್ಲಿ ಹೆಚ್ಚಿನ ದಿನ ಹತ್ತು ನಿಮಿಷದೊಳಗಿತ್ತು. ಕೆಲವು ದಿನ ಏನೂ ನಡೆಯಲಿಲ್ಲ. ಚೀಟಿಗಳ ಹೊಸತನ ಮೂರನೆಯ ವಾರದಲ್ಲೇ ಮಾಸಿತ್ತು. ಆಗ ಬಣ್ಣದ ಮಾರ್ಕರ್ ಬದಲಾಯಿತು, ಚೀಟಿ ಬರೆಯುವ ಕೆಲಸ ಹುಡುಗನ ಕೈಗೆ ಬಂತು.

“ನಾವೇನು ಟೈಮರ್ ಇಟ್ಟುಕೊಂಡು ಓದಿದೆವೇ?” ಎಂದು ಕೇಳುವವರು ನಮ್ಮಲ್ಲಿ ಬಹಳ. ಸ್ವಾಮಿ, ಇಟ್ಟುಕೊಂಡಿದ್ದೆವು. ದೀಪ ಹಚ್ಚಿದ ಕೂಡಲೇ ಅಣ್ಣತಮ್ಮಂದಿರು, ಚಿಕ್ಕಪ್ಪನ ಮಕ್ಕಳು ಒಂದೇ ಚಾಪೆಯ ಮೇಲೆ ಕುಳಿತು ಮಗ್ಗಿ ಒಪ್ಪಿಸುತ್ತಿದ್ದೆವು. ಅಜ್ಜಿ ಪಕ್ಕದಲ್ಲೇ ಬತ್ತಿ ಹೊಸೆಯುತ್ತಿದ್ದರು. ಕುಕ್ಕರಿನ ಸೀಟಿ, ರೇಡಿಯೋ ವಾರ್ತೆ, ಕರೆಂಟು ಹೋಗುವ ಹೊತ್ತು, ಇವೆಲ್ಲ ನಮ್ಮ ಗಡಿಯಾರಗಳು. ಆರಂಭಿಸುವ ಭಾರವನ್ನು ಮನೆಯೇ ಹೊತ್ತಿತ್ತು. ಇಲ್ಲಿ ಮಗುವಿಗೆ ಪ್ರತ್ಯೇಕ ಕೋಣೆ ಕೊಟ್ಟು, ಬಾಗಿಲು ಹಾಕಿ, ಆ ಭಾರವನ್ನೆಲ್ಲ ಅದರ ತಲೆಯ ಮೇಲೆ ಹೊರಿಸಿದ್ದೇವೆ. ಊರುಗೋಲು ಅಭ್ಯಾಸವಾದೀತೆಂದು ಹೆದರುವವರು ತಮ್ಮ ಕನ್ನಡಕ ತೆಗೆದಿಟ್ಟು ಈ ಬರಹ ಓದಿ ನೋಡಲಿ.

ವೈದ್ಯನಾಗಿ ಮಿತಿಗಳನ್ನೂ ಹೇಳಬೇಕು. ಟೈಮರ್ ಚಿಕಿತ್ಸೆಯಲ್ಲ. ಚೆನ್ನಾಗಿದ್ದ ಮಗು ಕೆಲವೇ ತಿಂಗಳಲ್ಲಿ ಹೀಗಾದರೆ ಖಿನ್ನತೆ, ನಿದ್ರೆಯ ತೊಂದರೆ, ಕಬ್ಬಿಣಾಂಶದ ಕೊರತೆ, ಥೈರಾಯ್ಡ್, ಶಾಲೆಯಲ್ಲಿ ಕಿರುಕುಳ, ಇವುಗಳನ್ನು ಮೊದಲು ನೋಡಬೇಕು. 12 ವರ್ಷಕ್ಕೆ ಮೊದಲಿನಿಂದಲೂ, ಮನೆ ಮತ್ತು ಶಾಲೆ ಎರಡರಲ್ಲೂ ಹೀಗೇ ಇದ್ದರೆ ನಿಮ್ಮ ಜಿಪಿಯ ಬಳಿ ಎಡಿಎಚ್‌ಡಿ ಪರೀಕ್ಷೆಯ ಮಾತೆತ್ತಿ. ಇಲ್ಲಿ ಸರದಿ ದೀರ್ಘ, ಆದರೆ ಚೀಟಿ ಮತ್ತು ಮಾರ್ಕರ್‌ಗೆ ಸರದಿಯಿಲ್ಲ. ಇಂಗ್ಲೆಂಡಿನ ನೈಸ್ ಸಂಸ್ಥೆಯ 2018ರ ಮಾರ್ಗಸೂಚಿ ಕೂಡ ಪರಿಸರದ ಬದಲಾವಣೆಗಳ ಉದಾಹರಣೆಯಾಗಿ ಕಡಿಮೆ ಅವಧಿಯ ಕೆಲಸ ಹಾಗೂ ನಡುವೆ ಓಡಾಟದ ವಿರಾಮವನ್ನು ಹೆಸರಿಸುತ್ತದೆ. ಕುಗ್ಗುವ ಬಣ್ಣ ನೋಡಿ ಮಗುವಿಗೆ ಎದೆ ಬಡಿದುಕೊಂಡರೆ ಟೈಮರ್ ತೆಗೆದಿಡಿ, ಚೀಟಿಗಳು ಮಾತ್ರ ಸಾಕು.

ಮುಂದಿನ ರಾಜ್ಯೋತ್ಸವದ ಊಟದಲ್ಲಿ ಯಾರಾದರೂ ತಮ್ಮ ಮಗುವನ್ನು ತೋರಿಸಿ “ಮೈಗಳ್ಳ” ಎಂದರೆ ದಯವಿಟ್ಟು ನಗಬೇಡಿ. “ಅವನ ಮೊದಲ ಚೀಟಿಯಲ್ಲಿ ಏನು ಬರೆದಿದ್ದೀರಿ?” ಎಂದು ಕೇಳಿ. ಉತ್ತರವಿಲ್ಲದಿದ್ದರೆ, ಕೆಲಸ ಬಾಕಿಯಿರುವುದು ಮಗುವಿನದಲ್ಲ.